ಆಚೆ ಸೊನ್ನೆ, ಈಚೆ ಇಮ್ಮಡಿ: ಪ್ರವಾಹದ ಹಾಳೆಯ ಕಥೆ

1820ರಲ್ಲಿ ಪ್ಯಾರಿಸ್ಸಿನ ಬಿಯೊ ಮತ್ತು ಸಾವಾರ್, ವಿದ್ಯುತ್ ಹರಿಯುವ ಉದ್ದನೆಯ ತಂತಿಯ ಬಳಿ ಕಾಂತಸೂಜಿಯ ತೂಗಾಟವನ್ನು ಅಳೆದರು. ದೂರ ಎರಡರಷ್ಟಾದರೆ ಕಾಂತಕ್ಷೇತ್ರ ಅರ್ಧಕ್ಕಿಳಿಯುತ್ತಿತ್ತು. ಅಂಥ ತಂತಿಗಳನ್ನು ಚಾಪೆಯ ಕಡ್ಡಿಗಳಂತೆ ಒತ್ತಾಗಿ, ಕೊನೆಯಿಲ್ಲದ ಅಗಲಕ್ಕೆ ಹಾಸಿ ಪ್ರವಾಹದ ಹಾಳೆಯೊಂದನ್ನು ಮಾಡಿದರೆ ದೂರದ ಲೆಕ್ಕವೇ ಉಳಿಯುವುದಿಲ್ಲ. ಹಾಳೆಯಿಂದ ಹಿಂದೆ ಸರಿದಂತೆ ಎದುರಿನ ತಂತಿಯ ಪ್ರಭಾವ ಕುಗ್ಗುತ್ತದೆ, ನಿಜ. ಆದರೆ ಅಕ್ಕಪಕ್ಕದ ತಂತಿಗಳ ಕ್ಷೇತ್ರ ಹೆಚ್ಚು ಹೆಚ್ಚಾಗಿ ಹಾಳೆಗೆ ಸಮಾಂತರವಾಗಿ ತಿರುಗಿ, ಆ ನಷ್ಟವನ್ನು ಸರಿಸಮನಾಗಿ ತುಂಬುತ್ತದೆ.

ಎಷ್ಟು ಕ್ಷೇತ್ರ ಎಂಬುದಕ್ಕೆ ಸುಲಭದ ದಾರಿ, ಆಂಪೇರ್ ಹೆಸರಿನಲ್ಲಿ ಕರೆಯುವ ನಿಯಮ. ಇಂದಿನ ಸುತ್ತುದಾರಿಯ ರೂಪ ಅದಕ್ಕೆ ಬಂದದ್ದು ಮ್ಯಾಕ್ಸ್‌ವೆಲ್‌ನಿಂದ, 1850ರ ದಶಕದಲ್ಲಿ. ಹಾಳೆಯನ್ನು ಸೀಳಿ ಹಾಯುವ ಆಯತವೊಂದನ್ನು ಊಹಿಸಿಕೊಳ್ಳಿ. ಅದರ ಒಂದು ಉದ್ದದ ಬದಿ ಈಚೆ, ಇನ್ನೊಂದು ಆಚೆ. ಹಾಳೆಯ ಒಂದು ಮೀಟರ್ ಅಗಲದಲ್ಲಿ K ಆಂಪಿಯರ್ ಹರಿಯುತ್ತಿದ್ದರೆ 2BL = μ₀KL, ಅಂದರೆ B = μ₀K/2. ಇಲ್ಲಿ B ಕಾಂತಕ್ಷೇತ್ರ, L ಆಯತದ ಉದ್ದ, μ₀ ಒಂದು ಸ್ಥಿರಾಂಕ. ಎರಡು ಬದಿಗಳಲ್ಲಿ ಕ್ಷೇತ್ರದ ದಿಕ್ಕು ವಿರುದ್ಧ. ಹಾಗಾಗಿ ಹಾಳೆಯನ್ನು ದಾಟಿದಾಗ ಆಗುವ ಜಿಗಿತ μ₀K. ಹೊರಗಿನಿಂದ ಬೇರೆ ಯಾವ ಕ್ಷೇತ್ರ ಬಂದು ಸೇರಿದರೂ ಅದು ಎರಡೂ ಕಡೆ ಒಂದೇ ಆಗಿರುವುದರಿಂದ ಈ ಜಿಗಿತ ಬದಲಾಗದು. ವಿದ್ಯಾರ್ಥಿಗಳು ಎಡವುವುದು ಇಲ್ಲೇ: ಜಿಗಿತವನ್ನೇ ಹಾಳೆಯ ಸ್ವಂತ ಕ್ಷೇತ್ರವೆಂದು ಬರೆದು ಉತ್ತರವನ್ನು ಎರಡರಷ್ಟು ಮಾಡಿಬಿಡುತ್ತಾರೆ.

ಪಠ್ಯಪುಸ್ತಕದ ಆಟದಂತೆ ಕಾಣುವ ಈ ಹಾಳೆಯನ್ನು ಆಕಾಶಕ್ಕೆ ಒಯ್ದವರು ಸಿಡ್ನಿ ಚಾಪ್‌ಮನ್ ಮತ್ತು ಫೆರಾರೊ. ಭೂಮಿಯ ಕಾಂತಕ್ಷೇತ್ರವನ್ನು ಕಲಕುವ ಕಾಂತ ಬಿರುಗಾಳಿ ಏಕೆ ಥಟ್ಟನೆ ಶುರುವಾಗುತ್ತದೆ ಎಂಬುದು 1931ರ ಸುಮಾರಿಗೆ ಅವರನ್ನು ಕಾಡಿದ ಪ್ರಶ್ನೆ. ಸೂರ್ಯನಿಂದ ಬರುವ, ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವ ಅನಿಲವನ್ನು ಅವರು ಸಪಾಟಾದ ಗೋಡೆಯೆಂದು ಭಾವಿಸಿದರು. ಭೂಮಿಯ ಕ್ಷೇತ್ರ ಅದರೊಳಗೆ ನುಗ್ಗಲಾರದು. ತಡೆಯಲು ಗೋಡೆಯ ಮೈಮೇಲೆ ಪ್ರವಾಹ ಹರಿಯುತ್ತದೆ. ಆಚೆ, ಅಂದರೆ ಅನಿಲದೊಳಗೆ, ಒಟ್ಟು ಕ್ಷೇತ್ರ ಸೊನ್ನೆಯಾಗಬೇಕಾದರೆ ಈ ಪ್ರವಾಹದ ಹಾಳೆಯ ಕ್ಷೇತ್ರ ಅಲ್ಲಿ ಭೂಮಿಯ ಕ್ಷೇತ್ರಕ್ಕೆ ಸಮವಾಗಿ, ವಿರುದ್ಧವಾಗಿ ಇರಬೇಕು. ಹಾಗಿದ್ದರೆ ಈಚೆ ಅದೇ ಹಾಳೆ ಭೂಮಿಯ ಕ್ಷೇತ್ರದ ಜೊತೆಗೂಡುತ್ತದೆ, ಒಟ್ಟು ಇಮ್ಮಡಿ.

ಲೆಕ್ಕ ಹಾಕಿ ನೋಡೋಣ. ಸಮಭಾಜಕದ ಮೇಲೆ ಭೂಮಿಯ ಕ್ಷೇತ್ರ ಸುಮಾರು 31,000 ನ್ಯಾನೊಟೆಸ್ಲಾ. ಭೂಕೇಂದ್ರದಿಂದ ಹತ್ತು ಭೂತ್ರಿಜ್ಯದ ದೂರದಲ್ಲಿ ಅದು ಸಾವಿರದಲ್ಲೊಂದು ಪಾಲು, 31. ಗೋಡೆಯ ಈಚೆ ಇಮ್ಮಡಿಯಾಗಿ 62, ಆಚೆ ಸೊನ್ನೆ. ಈ ಜಿಗಿತವನ್ನು μ₀ದಿಂದ ಭಾಗಿಸಿದರೆ ಮೀಟರಿಗೆ ಸುಮಾರು 0.05 ಆಂಪಿಯರ್. ಮೊಬೈಲ್ ಚಾರ್ಜರ್ ಕೂಡ ಇದಕ್ಕಿಂತ ಹೆಚ್ಚು ಕೊಡುತ್ತದೆ! ಆದರೆ ಒಂದು ಭೂತ್ರಿಜ್ಯದಷ್ಟು ಅಗಲಕ್ಕೆ ಅದೇ ಮೂರು ಲಕ್ಷ ಆಂಪಿಯರ್ ಆಗುತ್ತದೆ.

1961ರಲ್ಲಿ ಹಾರಿದ ಎಕ್ಸ್‌ಪ್ಲೋರರ್ 12 ಉಪಗ್ರಹ ಈ ಗಡಿಯನ್ನು ದಾಟಿದಾಗ ಈಚೆಯ ಕ್ಷೇತ್ರ ಹೆಚ್ಚುಕಡಿಮೆ ಇಮ್ಮಡಿಯೇ ಇತ್ತು. ಆಚೆ ಮಾತ್ರ ಸೊನ್ನೆಯಲ್ಲ, ಸದಾ ಅಲೆದಾಡುವ ದುರ್ಬಲ ಕ್ಷೇತ್ರ. ಸೂರ್ಯನಿಂದ ಬರುವ ಆ ಅನಿಲ, ಅಂದರೆ ಸೌರ ಮಾರುತ, ತನ್ನದೇ ಕ್ಷೇತ್ರವನ್ನು ಹೊತ್ತು ತರುತ್ತದೆ. ನಿಜವಾದ ಗಡಿ ಬಾಗಿದೆ, ನೂರಾರು ಕಿಲೋಮೀಟರ್ ದಪ್ಪವಿದೆ. ಆದ್ದರಿಂದ ಉಪಗ್ರಹದ ನಕ್ಷೆಯಲ್ಲಿ ಜಿಗಿತ ಕಡಿದಾದ ಮೆಟ್ಟಿಲಾಗಿರದೆ ಇಳಿಜಾರಾಗಿ ಮೂಡುತ್ತದೆ. ಈ ಇಳಿಜಾರು ಕಾಣುವುದು ಕ್ಷೇತ್ರದ, ಹಾಳೆಗೆ ಸಮಾಂತರವಾದ ಘಟಕದಲ್ಲಷ್ಟೇ. ಲಂಬ ಘಟಕವೂ ಜಿಗಿದಂತೆ ಕಂಡರೆ, ಹಾಳೆಯ ಓರೆಯನ್ನು ತಪ್ಪಾಗಿ ಅಂದಾಜಿಸಿದ್ದೇವೆ ಎಂದೇ ವಿಜ್ಞಾನಿಗಳು ಮೊದಲು ಅನುಮಾನಿಸುತ್ತಾರೆ.