ಓಡುವ ಬಸ್ಸಿನ ಮೇಲೆ ಹೊಸ ಹೆಸರು

ಕರಾವಳಿಯ ಖಾಸಗಿ ಬಸ್ಸುಗಳ ಮೈಮೇಲೆ ಬಸ್ಸಿನ ಹೆಸರು ದೂರದಿಂದಲೇ ಕಾಣುವಷ್ಟು ದಪ್ಪಗೆ ಬರೆದಿರುತ್ತದೆ. ನಾಟಕವಾಡಿಸುವ ಗೆಳೆಯರೊಬ್ಬರು ಅಂಥದೊಂದು ಬಸ್ಸಿನ ಚಿತ್ರ ತಂದುಕೊಟ್ಟು, ಹಳೆಯ ಹೆಸರು ತೆಗೆದು ‘ಮುಂಗಾರು’ ಎಂದು ಬರೆದುಕೊಡಿ, ಪೋಸ್ಟರಿಗೆ ಬೇಕು ಎಂದರು. ಸಂಜೆಯ ಹೊತ್ತು ರಸ್ತೆಬದಿಯಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ತೆಗೆದ ಚಿತ್ರ ಅದು. ಷಟರ್ ತೆರೆದಿದ್ದದ್ದು ಸೆಕೆಂಡಿನ 30ರಲ್ಲಿ ಒಂದು ಭಾಗ. ನಿಲ್ದಾಣ ಬಿಟ್ಟು ಹೊರಟಿದ್ದ ಬಸ್ಸು ಅಷ್ಟರಲ್ಲೇ ಒಂದು ಗೇಣು ಮುಂದೆ ಸರಿದಿತ್ತು. ಮರ, ಕಂಬ, ಅಂಗಡಿ ಎಲ್ಲ ಸ್ಪಷ್ಟ. ಬಸ್ಸು ಮಾತ್ರ ಉದ್ದಕ್ಕೆ ಮಸುಕು.

ಈ ಮಸುಕು ಫೋಕಸ್ ತಪ್ಪಿದಾಗ ಬರುವಂಥದ್ದಲ್ಲ. ಅಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ, ಇಲ್ಲಿ ಬಸ್ಸು ಸಾಗಿದ ದಿಕ್ಕಿಗೆ ಮಾತ್ರ. ಹಾಗಾಗಿ ಅಡ್ಡಗೆರೆಗಳು ತಮ್ಮ ಮೇಲೆ ತಾವೇ ಜಾರಿಕೊಂಡು ಚೂಪಾಗಿಯೇ ಉಳಿಯುತ್ತವೆ, ಮೇಲಿಂದ ಕೆಳಕ್ಕೆ ಇಳಿಯುವ ಉದ್ದಗೆರೆಗಳು ಕರಗುತ್ತವೆ. ‘ರು’ ಅಕ್ಷರದ ತಲೆಕಟ್ಟು ಬಹುಪಾಲು ಉಳಿಯುತ್ತದೆ. ಸೊನ್ನೆಯ ಮೇಲಿನ ಕಮಾನು, ಕೆಳಗಿನ ಕಮಾನು ಉಳಿದು ಎರಡು ಪಕ್ಕಗಳು ತೆಳುವಾಗುತ್ತವೆ. ಎಷ್ಟು ತೆಳು ಎಂಬುದಕ್ಕೆ ಸರಳ ಲೆಕ್ಕವಿದೆ. ಉದ್ದಗೆರೆಯ ದಪ್ಪ 7 ಸೆಂಟಿಮೀಟರ್, ಬಸ್ಸು ಸರಿದದ್ದು 17 ಸೆಂಟಿಮೀಟರ್ ಎಂದಾದರೆ, ಆ ಗೆರೆ ಒಂದೊಂದು ಬಿಂದುವನ್ನೂ ಷಟರ್ ತೆರೆದಿದ್ದ ಹೊತ್ತಿನ ಹೆಚ್ಚೆಂದರೆ ಹದಿನೇಳರಲ್ಲಿ ಏಳು ಪಾಲು ಮುಚ್ಚಿರುತ್ತದೆ. ಉಳಿದ ಹತ್ತು ಪಾಲು ಹಿಂದಿನ ನೀಲಿ ಬಣ್ಣದ್ದು.

ಮಸುಕಿನ ಉದ್ದವನ್ನು ಚಿತ್ರದಲ್ಲೇ ಅಳೆಯಬಹುದು. ಹೊರಡುವಾಗ ಚಾಲಕ ಹಾಕಿದ ಪಕ್ಕದೀಪ ಗೆರೆಯಾಗಿ ಎಳೆದುಕೊಂಡಿತ್ತು. ಆ ಗೆರೆಯ ಉದ್ದದಿಂದ ದೀಪದ ಸ್ವಂತ ಅಗಲವನ್ನು ಕಳೆದರೆ ಉಳಿಯುವುದೇ ಸರಿದ ದೂರ. ಮುಂಭಾಗದಲ್ಲಿ ಅದು 48 ಪಿಕ್ಸೆಲ್ ಬಂತು. ಹಿಂಬಾಗಿಲ ಚೌಕಟ್ಟಿನ ಬಳಿ, ಬಿಳಿಯಿಂದ ಕಪ್ಪಿಗೆ ಬಣ್ಣ ಇಳಿಯುವ ಜಾಗದ ಅಗಲ ನೋಡಿದರೆ ಬರೀ 31. ಬಸ್ಸು ಓರೆಯಾಗಿ ನಮ್ಮತ್ತ ಬರುತ್ತಿದ್ದುದರಿಂದ ಹೀಗೆ: ಹತ್ತಿರದ ತುದಿ ಚಿತ್ರದಲ್ಲಿ ಹೆಚ್ಚು ಸರಿಯುತ್ತದೆ, ದೂರದ ತುದಿ ಕಡಿಮೆ.

ನಾನು ಎಡವಿದ್ದು ಇಲ್ಲೇ. ಅಕ್ಷರ ಬರೆದು, ಬಸ್ಸಿನ ಓರೆಗೆ ತಕ್ಕಂತೆ ಬಾಗಿಸಿ, ಕೊನೆಯಲ್ಲಿ ಫೋಟೋಶಾಪಿನ Motion Blur ಹಾಕಿದೆ. ಉದ್ದ 40 ಎಂದು ನಡುವಿನ ಅಂಕಿ ಕೊಟ್ಟೆ. ‘ಮು’ ಅತಿ ಚೂಪು, ‘ರು’ ಅತಿ ಮಸುಕು. ಸ್ಟಿಕ್ಕರ್ ಅಂಟಿಸಿದ ಹಾಗಾಯಿತು. ಮಸುಕನ್ನು ಕೊನೆಗೇ ಹಾಕಬೇಕೆಂದು ಬಹಳ ಮಂದಿ ಹೇಳುತ್ತಾರೆ, ನಾನೂ ನಂಬಿದ್ದೆ. ನೇರ ಸಾಗುವ ಬಸ್ಸಿನ ಮಟ್ಟಿಗೆ ಅದು ತಿರುವುಮುರುವು.

ಬಸ್ಸಿನ ಪಕ್ಕ ಒಂದು ಸಪಾಟು ಹಲಗೆ ಎಂದುಕೊಳ್ಳಿ. ಅದು ತನ್ನದೇ ಉದ್ದಕ್ಕೆ ಜಾರುತ್ತಿದೆ. ಹಲಗೆಯ ಯಾವ ಅಕ್ಷರವಾದರೂ ಸರಿದದ್ದು ಅದೇ 17 ಸೆಂಟಿಮೀಟರ್. ವ್ಯತ್ಯಾಸ ಹುಟ್ಟುವುದು ನೋಟದ ಓರೆಯಿಂದ. ಆದ್ದರಿಂದ ಅಕ್ಷರಗಳನ್ನು ನೇರ ಹಾಳೆಯ ಮೇಲೆ ಬರೆದು, ಅಲ್ಲೇ ಒಂದೇ ಸಮನಾಗಿ ಮಸುಕಾಗಿಸಿ, ಆಮೇಲೆ ಓರೆಗೆ ಬಾಗಿಸಬೇಕು. ಬಾಗಿಸುವಾಗ ಮಸುಕೂ ಅಕ್ಷರದ ಜೊತೆಗೇ ಹತ್ತಿರದಲ್ಲಿ ಹಿಗ್ಗಿ ದೂರದಲ್ಲಿ ಕುಗ್ಗುತ್ತದೆ. ಇದು ಅಂದಾಜಿನ ಉಪಾಯವಲ್ಲ, ಕ್ಯಾಮೆರಾ ಅಲುಗದಿದ್ದರೆ ಗಣಿತದ ಪ್ರಕಾರ ಪೂರ್ತಿ ಸರಿ.

ಹಾಗಾಗಿ ಎರಡನೇ ಸಲ ಬಸ್ಸಿನ ಚಿತ್ರವನ್ನೇ ಮೊದಲು ನೇರಮಾಡಿದೆ. ಕಿಟಕಿಗಳ ಸಾಲು ಸಮ ಆಯತಗಳಾಗುವ ತನಕ ಮೂಲೆಗಳನ್ನು ಎಳೆದೆ. ಕರಗಿದ ಉದ್ದಗೆರೆಯ ಜಾಗ ಹಿಡಿಯಲು ಆ ಬಣ್ಣದ ಇಳಿಜಾರಿನ ನಟ್ಟನಡುವೆ ಗುರುತು ಹಾಕಿದರೆ ಸಾಕು. ಸರಿಯಾಯಿತೇ ಎಂದು ತಿಳಿಯುವುದು ಹೀಗೆ: ನೇರಮಾಡಿದ ಚಿತ್ರದಲ್ಲಿ ಮುಂದಿನ ದೀಪದ ಬಳಿಯ ಮಸುಕೂ ಹಿಂಬಾಗಿಲ ಮಸುಕೂ ಒಂದೇ ಉದ್ದ ಇರಬೇಕು. ನನಗೆ ಸಮ ಬಂತು. ಅಕ್ಕಪಕ್ಕ ಸಾಕಷ್ಟು ಖಾಲಿ ಜಾಗ ಬಿಟ್ಟು, ನೀಲಿ ಪಟ್ಟಿಯ ಮೇಲೆ ಹಳದಿಯಲ್ಲಿ ಹೆಸರು ಬರೆದು, ಅಷ್ಟೇ ಉದ್ದದ ಮಸುಕು ಕೊಟ್ಟೆ. ಹಳೆಯ ಹೆಸರಿನ ಛಾಯೆ ಎರಡೂ ಕಡೆ ಅಕ್ಷರಗಳ ಗಡಿ ದಾಟಿ ಚಾಚಿಕೊಂಡಿರುತ್ತದೆ; ಅದಕ್ಕಾಗಿ ಪಟ್ಟಿಯನ್ನೇ ಪೂರ್ತಿ ಹೊಸದಾಗಿ ಬಳಿದೆ.

ಬಣ್ಣ ಮಾತ್ರ ಮಂಕಾಗಿತ್ತು. ಕ್ಯಾಮೆರಾ ಕೂಡುವುದು ಬೆಳಕನ್ನು. ಚಿತ್ರದ ಕಡತದಲ್ಲಿರುವ 0ಯಿಂದ 255ರವರೆಗಿನ ಅಂಕಿಗಳು ಬೆಳಕಿಗೆ ನೇರ ಅನುಪಾತದಲ್ಲಿಲ್ಲ. ಅರ್ಧ ಹೊತ್ತು ಬಿಳಿ, ಅರ್ಧ ಹೊತ್ತು ಕಪ್ಪು ಬಿದ್ದ ಬಿಂದು ನಿಜವಾದ ಚಿತ್ರದಲ್ಲಿ ಸುಮಾರು 188 ಆಗುತ್ತದೆ. ಅಂಕಿಗಳನ್ನೇ ಕೂಡಿ ಭಾಗಿಸುವ ತಂತ್ರಾಂಶ 128 ಕೊಡುತ್ತದೆ. ಗಾಢ ಮೈಮೇಲಿನ ತಿಳಿ ಅಕ್ಷರ ಕಳೆಗುಂದುವುದು ಇದರಿಂದಲೇ. ಕಡತವನ್ನು 32 ಬಿಟ್‌ಗೆ ಬದಲಿಸಿಕೊಂಡು ಮಸುಕು ಹಾಕಿದರೆ ಲೆಕ್ಕ ಬೆಳಕಿನಲ್ಲೇ ನಡೆಯುತ್ತದೆ.

ಇಷ್ಟಾದರೂ ಏನೋ ತಪ್ಪು ಕಾಣುತ್ತಿತ್ತು. ಬಹಳ ಹೊತ್ತು ಮೂಲ ಚಿತ್ರ ನೋಡುತ್ತ ಕುಳಿತ ಮೇಲೆ ಗೊತ್ತಾಯಿತು: ಬಸ್ಸಿನ ಮೇಲೆ ಬಿದ್ದ ತೆಂಗಿನ ಗರಿಯ ನೆರಳು ಮಸುಕಾಗಿರಲೇ ಇಲ್ಲ! ಸರಿದದ್ದು ಬಸ್ಸು, ಸೂರ್ಯನೂ ತೆಂಗಿನ ಮರವೂ ಇದ್ದಲ್ಲೇ ಇದ್ದವು. ನೆರಳು ಇದ್ದಲ್ಲೇ ನಿಂತಿತ್ತು, ಅದರಡಿಯಲ್ಲಿ ಬಸ್ಸು ಜಾರಿಹೋಯಿತು. ಹೊಳೆಯುವ ಬಣ್ಣದಲ್ಲಿ ಮೂಡಿದ ಎದುರಿನ ಕಟ್ಟಡದ ಪ್ರತಿಬಿಂಬವೂ ಹಾಗೆಯೇ. ಗೋಡೆಗೆ ತೂಗುಹಾಕಿದ ಕನ್ನಡಿಯನ್ನು ಗೋಡೆಗುಂಟ ಪಕ್ಕಕ್ಕೆ ಜಾರಿಸಿ ನೋಡಿ. ಚೌಕಟ್ಟು ಸರಿಯುತ್ತದೆ, ಒಳಗಿನ ನಿಮ್ಮ ಮುಖ ಸರಿಯುವುದಿಲ್ಲ. ಸಪಾಟು ಮೈ ತನ್ನ ಸಮತಲದಲ್ಲೇ ಜಾರಿದರೆ ಪ್ರತಿಬಿಂಬಕ್ಕೆ ಅದು ಗೊತ್ತೇ ಆಗುವುದಿಲ್ಲ. ಮೈ ಉಬ್ಬುತಗ್ಗಾಗಿದ್ದ ಕಡೆ ಮಾತ್ರ ಪ್ರತಿಬಿಂಬ ಕದಡಿತ್ತು.

ನಾನು ಪಟ್ಟಿಯನ್ನು ಹೊಸದಾಗಿ ಬಳಿಯುವಾಗ ಈ ಎರಡನ್ನೂ ಒರೆಸಿಹಾಕಿದ್ದೆ. ಪಟ್ಟಿಯ ಆಚೀಚೆ ಉಳಿದಿದ್ದ ತುಣುಕುಗಳನ್ನು ನೋಡಿಕೊಂಡು ಮತ್ತೆ ಬರೆಯಬೇಕಾಯಿತು. ಮಸುಕಾದ ಅಕ್ಷರಗಳ ಮೇಲೆ ಮಸುಕಿಲ್ಲದ ನೆರಳನ್ನು Multiply ಪದರವಾಗಿ, ಮಸುಕಿಲ್ಲದ ಪ್ರತಿಬಿಂಬವನ್ನು Linear Dodge (Add) ಪದರವಾಗಿ ಇಟ್ಟೆ. ನೆರಳು ಬೆಳಕನ್ನು ಕಡಿಮೆ ಮಾಡುತ್ತದೆ, ಪ್ರತಿಬಿಂಬ ಬೆಳಕನ್ನು ಕೂಡಿಸುತ್ತದೆ, ಅದಕ್ಕೆ ಬೇರೆಬೇರೆ ಪದರ. ಬಸ್ಸಿನ ಮುಂದೆ ಅಡ್ಡ ನಿಂತಿದ್ದ ಕಂಬದ ಜಾಗದಲ್ಲಿ ಅಕ್ಷರವನ್ನು ಚೂಪಾಗಿ ಕತ್ತರಿಸಿದೆ. ಕೊನೆಗೆ ಕ್ಯಾಮೆರಾದ ಕಾಳು, ಅಂದರೆ ಚಿತ್ರದ ತುಂಬ ಹರಡಿರುವ ಸಣ್ಣ ಚುಕ್ಕಿಗಳು. ಅದು ಹುಟ್ಟುವುದು ಸಂವೇದಕದಲ್ಲಿ, ಬಸ್ಸಿನ ಜೊತೆ ಓಡುವುದಿಲ್ಲ. ಮಸುಕು ಹಾಕಿದ ಜಾಗ ನುಣುಪಾಗಿ ಎದ್ದು ಕಾಣದಂತೆ ಮೂಲದಷ್ಟೇ ಕಾಳನ್ನು ಎಲ್ಲದರ ಮೇಲೆ ಉದುರಿಸಬೇಕು.

ಪೋಸ್ಟರ್ ನೋಡಿ ಉಮೇದು ಬಂದ ಗೆಳೆಯರು ಇನ್ನೊಂದು ಚಿತ್ರ ಕಳಿಸಿದರು. ಅದರಲ್ಲಿ ಛಾಯಾಗ್ರಾಹಕ ಬಸ್ಸಿನ ಜೊತೆಜೊತೆಗೇ ಕ್ಯಾಮೆರಾ ತಿರುಗಿಸಿದ್ದ. ಹೆಸರು ಸ್ಪಷ್ಟ, ಊರೆಲ್ಲ ಗೆರೆಗೆರೆ. ಕ್ಯಾಮೆರಾ ಅಲುಗಿರುವುದರಿಂದ ನನ್ನ ನೇರ ಹಾಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕ್ಯಾಮೆರಾ ಬಸ್ಸಿನ ನಡುಭಾಗವನ್ನು ಹಿಂಬಾಲಿಸಿದೆ. ಅಲ್ಲಿ ಅಕ್ಷರ ಚೂಪು, ಎರಡೂ ತುದಿಗಳತ್ತ ಹೋದಂತೆ ತುಸು ಮಸುಕು. ನೆರಳಿನ ಕಥೆ ಪೂರ್ತಿ ತಿರುಗಿದೆ: ಈ ಬಸ್ಸಿನ ಮೇಲೆ ಅಕ್ಷರವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು, ಮರದ ನೆರಳನ್ನು ಉದ್ದಕ್ಕೆ ಎಳೆಯಬೇಕು.