ಹಳೇ ಹೊಲಿಗೆ ಮೆಷಿನ್‌ಗೆ ಯಾವ ಸೂಜಿ, ಯಾವ ಫೂಟ್?

ಪ್ರಶ್ನೆ: "ಅಣ್ಣಾ, ನಮ್ಮತ್ತೆ ಕಾಲದ ಕಪ್ಪು ಮೆಷಿನ್ ಇದೆ. ಹೆಸರು ಪೂರ್ತಿ ಅಳಿಸಿಹೋಗಿದೆ. ಮಂಡ್ಯದಲ್ಲಿ 16 ನಂಬರ್ ಸೂಜಿ, ಒಂದು ಜಿಪ್ ಫೂಟ್ ತಂದೆ. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ, ಫೂಟ್ ಅಂತೂ ಕೂರೋದೇ ಇಲ್ಲ. ಫೋಟೋ ಕಳಿಸಿದ್ದೀನಿ, ಯಾವ ಮಾಡೆಲ್ ಅಂತ ಹೇಳ್ತೀರಾ?"

ಅಮ್ಮಾ, ಮಾಡೆಲ್ ಹೆಸರು ಹುಡುಕೋದನ್ನ ಸದ್ಯಕ್ಕೆ ಬಿಡಿ. ಇಂಥ ಕಪ್ಪು ಮೆಷಿನ್‌ಗಳು ಹತ್ತಾರು ಹೆಸರಲ್ಲಿ ಬಂದಿವೆ, ಒಳಗಿನ ವಿನ್ಯಾಸ ಮಾತ್ರ ಬಹುಪಾಲು ಒಂದೇ, ಸಿಂಗರ್ 15ರ ನಕಲು. ಹೆಸರು ಉಳಿದಿದ್ದರೂ ಸೂಜಿ ತರೋಕೆ ಅದು ಜಾಸ್ತಿ ಉಪಯೋಗಕ್ಕೆ ಬರ್ತಿರಲಿಲ್ಲ.

ನೀವು ಕಳಿಸಿದ ಫೋಟೋದಲ್ಲಿ ಮೆಷಿನ್ ಮೇಲಿನ ಹೂವಿನ ಚಿತ್ರ ಚೆನ್ನಾಗಿ ಕಾಣುತ್ತೆ, ನನಗೆ ಬೇಕಾದ್ದು ಕಾಣಲ್ಲ. ಇನ್ನು ಮೂರು ಫೋಟೋ ಬೇಕು ಅಂದೆ: ಸೂಜಿ ಇರುವ ತುದಿ ಪೂರ್ತಿ ಕಾಣುವ ಹಾಗೆ ಒಂದು, ಬಾಬಿನ್ ಕೇಸ್ ಮೆಷಿನ್ ಒಳಗೆ ಕೂತಿರುವಾಗ ಒಂದು, ಕೇಸನ್ನೂ ಬಾಬಿನ್ನನ್ನೂ ಹೊರಗೆ ತೆಗೆದು ಸ್ಕೇಲ್ ಪಕ್ಕ ಇಟ್ಟು ಒಂದು. ಸ್ಕೇಲ್ ಬಾಬಿನ್ ಜೊತೆ ಒಂದೇ ಮಟ್ಟದಲ್ಲಿರಲಿ, ಇಲ್ಲದಿದ್ದರೆ ಅಳತೆ ಸುಳ್ಳು ಹೇಳುತ್ತೆ.

ಎರಡನೇ ಸಲದ ಫೋಟೋಗಳಲ್ಲಿ ವಿಷಯ ಬಿಚ್ಚಿಕೊಂಡಿತು. ದಾರದ ಟೆನ್ಷನ್ ತಿರುಪು ಎಡತುದಿಯ ಮುಖದ ಪ್ಲೇಟ್ ಮೇಲಿದೆ. ಬಾಬಿನ್ ಕೇಸ್ ಎಡಗಡೆಯಿಂದ ಒಳಗೆ ಹೋಗುತ್ತೆ. ಕೇಸಿನಿಂದ ಒಂದು ಉದ್ದ ಕೊಕ್ಕು ಮೇಲಕ್ಕೆ ಚಾಚಿದೆ, ಗಡಿಯಾರದ 11ರ ಕಡೆಗೆ. ಬಾಬಿನ್ ಸುಮಾರು 20 ಮಿ.ಮೀ. ಅಗಲ, 11-12 ಮಿ.ಮೀ. ಎತ್ತರ, ಎರಡೂ ಮುಖ ಚಪ್ಪಟೆ. ಇದು 15 ಕ್ಲಾಸ್, ಅಂದರೆ ಸಿಂಗರ್ 15ರ ಜಾತಿಯದು, ಅನುಮಾನ ಬೇಡ. ಗಾರ್ಮೆಂಟ್ಸ್ ಮೆಷಿನ್‌ನ ಬಾಬಿನ್ ಆಗಿದ್ದರೆ ಎತ್ತರ 9 ಮಿ.ಮೀ. ಹತ್ತಿರ ಇರುತ್ತೆ, ಆ ಕೇಸಿಗೆ ಈ ಉದ್ದ ಕೊಕ್ಕೂ ಇರಲ್ಲ.

ಕೇಸ್ ಹೊಸದು ತರಬೇಕಾದರೆ ಕೊಕ್ಕಿನ ದಿಕ್ಕು ನೆನಪಿಡಿ. ಕೆಲವು 15 ಕ್ಲಾಸ್ ಮೆಷಿನ್‌ಗಳಲ್ಲಿ ಅದು 1ರ ಕಡೆಗಿರುತ್ತೆ. ಅದಲುಬದಲಾದರೆ ಕೊಕ್ಕು ತನ್ನ ಕಚ್ಚಿನಲ್ಲಿ ಕೂರಲ್ಲ, ಒಳಗೆ ತಳ್ಳಿದಾಗ ಟಕ್ ಅನ್ನೋ ಸದ್ದೂ ಬರಲ್ಲ.

ಈಗ ಸೂಜಿ. ನೀವು ಕೇಳಿದ್ದು 16 ನಂಬರ್, ಅಂಗಡಿಯವರು ಕೊಟ್ಟಿದ್ದೂ 16 ನಂಬರೇ, ಇಬ್ಬರದೂ ತಪ್ಪಿಲ್ಲ, ಆದರೆ 16 ಅನ್ನೋದು ಬರೀ ದಪ್ಪದ ನಂಬರ್. ಸೂಜಿಯ ಜಾತಿ ಬೇರೆ. ಮನೆ ಮೆಷಿನ್‌ಗೆ ಬೇಕಾದ್ದು ಎಚ್‌ಎ×1, ಅದನ್ನೇ ಪ್ಯಾಕೆಟ್ ಮೇಲೆ 15×1 ಅಥವಾ 130/705 ಅಂತಲೂ ಹಾಕಿರುತ್ತಾರೆ. ಇದರ ಬುಡದ ಒಂದು ಪಕ್ಕ ಚಪ್ಪಟೆ. ನಿಮ್ಮ ಕೈಗೆ ಬಂದದ್ದು ಡಿಬಿ×1, ಗಾರ್ಮೆಂಟ್ಸ್‌ನದು, ಬುಡ ಪೂರ್ತಿ ಗುಂಡಗೆ, ತೆಳುವೂ ಹೌದು: ಸುಮಾರು 1.6 ಮಿ.ಮೀ., ಎಚ್‌ಎ×1ನದು ಸುಮಾರು 2. ಹಾಗಾಗಿ ತಿರುಪು ಬಿಗಿದರೂ ಸೂಜಿ ಸ್ವಲ್ಪ ಓರೆಯಾಗಿ ನಿಲ್ಲುತ್ತೆ, ಕೆಳಗೆ ದಾರ ಹಿಡಿಯುವ ಶಟಲ್‌ನ ಮೊನೆಗೆ ದಾರದ ಕುಣಿಕೆ ಸಿಗಲ್ಲ, ಹೊಲಿಗೆ ಬಿಡುತ್ತೆ. ಮೈಸೂರಲ್ಲಾಗಲಿ ಮಂಡ್ಯದಲ್ಲಾಗಲಿ ಎರಡೂ ಒಂದೇ ಡಬ್ಬಿಯಲ್ಲಿ ಪಕ್ಕಪಕ್ಕ ಇರುತ್ತವೆ, ಬುಡ ಮುಟ್ಟಿ ನೋಡಿ ತಗೊಳ್ಳಿ.

ಪ್ರಶ್ನೆ ಕೇಳಿದ ಅಮ್ಮ ಎಚ್‌ಎ×1 ತಂದು ಹಾಕಿ, ಮಾರನೇ ದಿನ ಮತ್ತೆ ಫೋನ್ ಮಾಡಿದರು. "ಈಗ ಒಂದು ಹೊಲಿಗೆನೂ ಬೀಳ್ತಿಲ್ಲ!" ಚಪ್ಪಟೆ ಪಕ್ಕ ಯಾವ ಕಡೆಗಿದೆ ಅಂತ ಕೇಳಿದೆ. ಬಲಕ್ಕಂತೆ. ಈ ಮೆಷಿನ್‌ನಲ್ಲಿ ಶಟಲ್ ಇರುವುದು ಸೂಜಿಯ ಎಡಕ್ಕೆ, ಆದ್ದರಿಂದ ಚಪ್ಪಟೆ ಎಡಕ್ಕಿರಬೇಕು, ದಾರ ಬಲದಿಂದ ಎಡಕ್ಕೆ ಪೋಣಿಸಬೇಕು. ತಿರುಗಿಸಿ ಹಾಕಿದ ಮೇಲೆ ಸರಿಯಾಯಿತು. ಹೊಸ ಮೆಷಿನ್‌ಗಳಲ್ಲಿ ಚಪ್ಪಟೆ ಹಿಂದಕ್ಕಿರೋದು ಸಾಮಾನ್ಯ, ಅಲ್ಲಿ ರೂಢಿಯಾದವರು ಇಲ್ಲಿ ಖಂಡಿತ ಎಡವುತ್ತಾರೆ.

ಫೂಟ್‌ಗೆ ಫೋಟೋ ಸಾಲದು, ಅಳೆಯಬೇಕು. ಲಿವರ್ ಇಳಿಸಿ, ಫೂಟ್ ಹಿಡಿದಿರುವ ತಿರುಪಿನ ನಡುವಿನಿಂದ ಕೆಳಗಿನ ಪ್ಲೇಟ್‌ವರೆಗೆ ಸ್ಕೇಲ್ ಹಿಡಿಯಿರಿ. ಅರ್ಧದಿಂದ ಮುಕ್ಕಾಲು ಇಂಚಿನೊಳಗೆ ಬಂದರೆ ಲೋ ಶ್ಯಾಂಕ್, 1 ಇಂಚು ಬಂದರೆ ಹೈ ಶ್ಯಾಂಕ್. ಇವರದು 13 ಮಿ.ಮೀ., ಅಂದರೆ ಲೋ. ತಂದಿದ್ದ ಜಿಪ್ ಫೂಟ್ ಹೈ ಶ್ಯಾಂಕಿನದು, ಅದಕ್ಕೇ ಲಿವರ್ ಪೂರ್ತಿ ಇಳಿಯೋ ಮೊದಲೇ ಪ್ಲೇಟಿಗೆ ತಗುಲಿ ನಿಲ್ಲುತ್ತಿತ್ತು. ಅದನ್ನ ಅರದಿಂದ ಉಜ್ಜಿ ಕೂರಿಸ್ತೀವಿ ಅಂತ ಯಾರಾದರೂ ಹೇಳಿದರೆ ಕೊಡಬೇಡಿ. ಲೋ ಶ್ಯಾಂಕ್ ಜಿಪ್ ಫೂಟ್ ಅಂತಲೇ ಕೇಳಿ, ಹಳೇ ಫೂಟ್ ಕೈಯಲ್ಲೇ ಒಯ್ದು ಪಕ್ಕ ಇಟ್ಟು ನೋಡಿ.

ಇನ್ನೊಂದು ಮಾತು, ಇವರಿಗಲ್ಲ, ಬೇರೆಯವರಿಗೆ. ನಿಮ್ಮ ಮೆಷಿನ್‌ನಲ್ಲಿ ಗುಂಡು ಬಾಬಿನ್ ಬದಲು ದೋಣಿ ಆಕಾರದ ಶಟಲ್, ಅದರೊಳಗೆ ಉದ್ದ ಕಡ್ಡಿಯಂಥ ಬಾಬಿನ್ ಇದ್ದರೆ ಮೇಲಿನ ಲೆಕ್ಕ ಹಿಡಿಯಬೇಡಿ. ಕೆಲವು 15×1 ತಗೊಳ್ಳುತ್ತವೆ, ಸಿಂಗರ್ 12ರಂಥವು ತಗೊಳ್ಳಲ್ಲ. ಅಂಥದ್ದರ ಹಳೇ ಸೂಜಿ ಮುರಿದಿದ್ದರೂ ಬಿಸಾಡದೆ ಅಂಗಡಿಗೆ ಒಯ್ಯಿರಿ.

ಹೊಸ ಫೂಟ್ ಹಾಕಿದ ಮೇಲೆ ಪೆಡಲ್ ಮುಟ್ಟಬೇಡಿ. ಮೊದಲು ಚಕ್ರವನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಸೂಜಿ ಫೂಟ್‌ನ ಸಂದಿಯಲ್ಲಿ ಎಲ್ಲೂ ತಾಗದೆ ಇಳಿಯುತ್ತಾ ನೋಡಿ.