ಸುಕ್ಕು ತೆಗೆದರೂ ಅಜ್ಜ ಯುವಕನಾಗಲಿಲ್ಲ, ಯಾಕೆ?

ಓದುಗರ ಪ್ರಶ್ನೆ: ನಮ್ಮಲ್ಲಿರುವುದು ಅಜ್ಜನ 72ನೇ ವಯಸ್ಸಿನ ಫೋಟೊ ಮಾತ್ರ. 24ರ ಹರೆಯದಲ್ಲಿ, ಆ ಕಾಲದ ಉಡುಪು ಮತ್ತು ಕ್ರಾಪಿನಲ್ಲಿ ಹೇಗಿದ್ದಿರಬಹುದು ಎಂದು ಚಿತ್ರ ಮಾಡಲು ಹೊರಟಿದ್ದೇನೆ. ಕಂಪ್ಯೂಟರಿನಲ್ಲಿ ಸುಕ್ಕುಗಳನ್ನೆಲ್ಲ ಅಳಿಸಿ ಕೂದಲು ಕಪ್ಪು ಮಾಡಿದೆ. ಆದರೆ ಮುದುಕರಿಗೆ ಮೇಕಪ್ ಮಾಡಿದ ಹಾಗೆ ಕಾಣುತ್ತದೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಮುಖಕ್ಕೆ ವಯಸ್ಸಾಗುವುದು ಚರ್ಮದಲ್ಲಿ ಮಾತ್ರವಲ್ಲ. ಒಳಗಿನ ಮೂಳೆ ಸವೆಯುತ್ತದೆ, ಕೊಬ್ಬು ಕರಗುತ್ತದೆ ಇಲ್ಲವೇ ಕೆಳಗೆ ಜಾರುತ್ತದೆ, ಮೂಗಿನ ತುದಿ ಬಾಗುತ್ತದೆ, ಕಿವಿ ಉದ್ದವಾಗುತ್ತದೆ. ಈ ಆಕಾರವನ್ನು ಹಾಗೇ ಬಿಟ್ಟು ಮೇಲಿನ ಗೆರೆಗಳನ್ನಷ್ಟೇ ಅಳಿಸಿದರೆ ನುಣುಪು ಚರ್ಮದ ವೃದ್ಧರೇ ಸಿಗುತ್ತಾರೆ. ಮೊದಲು ಆಕಾರ, ಆಮೇಲೆ ಕೂದಲು ಮತ್ತು ಬಟ್ಟೆ, ಸುಕ್ಕಿನ ಸರದಿ ಕೊನೆಗೆ. ಆಕಾರ ಸರಿಹೋದ ಮೇಲೆ ಸುಕ್ಕು ಒಂದಿಷ್ಟು ಉಳಿದರೂ ಕಣ್ಣಿಗೆ ತೊಡಕಾಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಜ್ಜ ಹುಟ್ಟಿದ್ದು 1930, ಫೋಟೊ ತೆಗೆದದ್ದು 2002, ನಮಗೆ ಬೇಕಾದದ್ದು 1954ರ ಮುಖ. ಫೋಟೊ ನೇರ ಎದುರಿನಿಂದ ತೆಗೆದದ್ದು.

ಮೊದಲು ಅಳತೆಗೋಲು

ಮುಖದಲ್ಲಿ ಬಾಲ್ಯ ಕಳೆದ ಮೇಲೆ ಗಾತ್ರ ಬದಲಾಗದ ಭಾಗವೆಂದರೆ ಐರಿಸ್, ಅಂದರೆ ಕಣ್ಣಿನ ಬಿಳಿಯ ನಡುವೆ ಇರುವ ಬಣ್ಣದ ವೃತ್ತ. ಅದರ ಅಡ್ಡಗಲ ಬಹುತೇಕ ಎಲ್ಲರಲ್ಲೂ 12 ಮಿ.ಮೀ. ಆಸುಪಾಸು. ಫೋಟೊವನ್ನು ಹಿಗ್ಗಿಸಿ ಅದು ಎಷ್ಟು ಪಿಕ್ಸೆಲ್ ಇದೆ ಎಂದು ಅಳೆಯಿರಿ. ನಮ್ಮ ಉದಾಹರಣೆಯಲ್ಲಿ 60 ಪಿಕ್ಸೆಲ್ ಬಂತು ಎನ್ನಿ. ಆಗ 1 ಮಿ.ಮೀ. ಅಂದರೆ 5 ಪಿಕ್ಸೆಲ್. ಇನ್ನು ಮುಂದೆ ಎಷ್ಟು ಎಳೆಯಬೇಕು, ಎಷ್ಟು ತಗ್ಗಿಸಬೇಕು ಎಂಬುದು ಕಣ್ಣಂದಾಜಿಗೆ ಬಿಟ್ಟ ಮಾತಲ್ಲ.

ಮೂಲ ಫೋಟೊ ಎಷ್ಟು ದೂರದಿಂದ ತೆಗೆದದ್ದು ಎಂದೂ ನೋಡಿ. ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಶೇ. 30ರಷ್ಟು ಅಗಲವಾಗಿ ಕಾಣುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ. ಹಳೆಯ ಸ್ಟುಡಿಯೋ ಚಿತ್ರಗಳನ್ನು ದೂರದಿಂದಲೇ ತೆಗೆಯುತ್ತಿದ್ದರು. ಆದ್ದರಿಂದ ಎರಡು ಮೂರು ಫೋಟೊ ಇದ್ದರೆ ದೂರದಿಂದ ತೆಗೆದದ್ದನ್ನೇ ಆಯ್ದುಕೊಳ್ಳಿ, ಅದು ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ.

ಕಿವಿ, ಮೂಗು, ಬಾಯಿ

ಕಿವಿಯನ್ನು ಯಾರೂ ಮುಟ್ಟುವುದಿಲ್ಲ, ಆದರೆ ವಯಸ್ಸಿನ ಗುಟ್ಟು ಮೊದಲು ಬಿಟ್ಟುಕೊಡುವುದು ಅದೇ. ದೊಡ್ಡವರಾದ ಮೇಲೂ ಕಿವಿ ವರ್ಷಕ್ಕೆ ಸರಾಸರಿ 0.22 ಮಿ.ಮೀ. ಉದ್ದವಾಗುತ್ತದೆ. 48 ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ನಮ್ಮ ಅಜ್ಜನ ಕಿವಿ 380 ಪಿಕ್ಸೆಲ್ ಇದ್ದರೆ 50 ಪಿಕ್ಸೆಲ್‌ನಷ್ಟು ತಗ್ಗಿಸಬೇಕು. ಇಡೀ ಕಿವಿಯನ್ನು ಸಮನಾಗಿ ಕುಗ್ಗಿಸುವುದಕ್ಕಿಂತ ಜೋತುಬಿದ್ದ ಹಾಲೆಯಲ್ಲಿ ಹೆಚ್ಚು, ಮೇಲ್ಭಾಗದಲ್ಲಿ ಕಡಿಮೆ ತಗ್ಗಿಸಿ. ಹಾಲೆ ಕೆನ್ನೆಗೆ ಅಂಟಿದೆಯೋ ಬಿಡಿಯಾಗಿದೆಯೋ, ಮೇಲಂಚಿನ ಸುರುಳಿ ಹೇಗಿದೆ ಎಂಬುದು ಮಾತ್ರ ಬದಲಾಗಬಾರದು. ಆ ಗುರುತು ಜೀವಮಾನದ್ದು.

ಮೂಗಿನ ತುದಿಯನ್ನು 2–3 ಮಿ.ಮೀ. ಮೇಲೆತ್ತಿದರೆ ಸಾಕು. ಅದನ್ನು ಮೀರಿದರೆ ಮೂಗೇ ಬೇರೆಯವರದ್ದಾಗುತ್ತದೆ. ಮೂಗಿನ ದಂಡದ ಅಗಲ, ಡೊಂಕು, ಗುಬುಟು ಹಾಗೇ ಇರಲಿ.

ಹೆಚ್ಚಿನವರು ಎಡವುವುದು ಬಾಯಿಯ ಭಾಗದಲ್ಲಿ. ಹಲ್ಲು ಉದುರಿದವರಲ್ಲಿ ಅವನ್ನು ಹಿಡಿದಿದ್ದ ಮೂಳೆ ಕರಗುತ್ತದೆ, ದವಡೆ ಹೆಚ್ಚು ಮುಚ್ಚಿಕೊಳ್ಳುತ್ತದೆ, ಗದ್ದ ಮೇಲಕ್ಕೂ ಮುಂದಕ್ಕೂ ಬರುತ್ತದೆ, ತುಟಿ ಒಳಗೆ ಮಡಚುತ್ತದೆ. ಮುಖದ ಕೆಳಭಾಗವೇ ಗಿಡ್ಡವಾಗುತ್ತದೆ. ಇದನ್ನು ಪತ್ತೆ ಮಾಡಲು ಹುಬ್ಬುಗಳ ನಡುವಿನಿಂದ ಮೂಗಿನ ಬುಡದವರೆಗೆ ಒಂದು ಅಳತೆ, ಅಲ್ಲಿಂದ ಗದ್ದದ ತುದಿಯವರೆಗೆ ಇನ್ನೊಂದು ಅಳತೆ ತೆಗೆದುಕೊಳ್ಳಿ. ಹರೆಯದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ. ನಮ್ಮ ಫೋಟೊದಲ್ಲಿ ಮೇಲಿನದು 340 ಪಿಕ್ಸೆಲ್, ಕೆಳಗಿನದು 300. ಅಂದರೆ ಕೆಳತುಟಿ ಮತ್ತು ಗದ್ದವನ್ನು ಒಟ್ಟಿಗೆ 30 ಪಿಕ್ಸೆಲ್‌ನಷ್ಟು ಕೆಳಗಿಳಿಸಬೇಕು. ಪೂರಾ 40 ಬೇಡ, ಕೆಲವರ ಮುಖ ಹುಟ್ಟಿನಿಂದಲೇ ಕೆಳಗೆ ಸ್ವಲ್ಪ ಗಿಡ್ಡ. ಇಷ್ಟು ಮಾಡಿದ ಕೂಡಲೇ ಬಾಯಿಯ ಮೂಲೆಯ ಮಡಿಕೆಗಳು ಅರ್ಧ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಆಮೇಲೆ ತೆಳುವಾದ ತುಟಿಯ ಕೆಂಪನ್ನು ಸ್ವಲ್ಪ ದಪ್ಪಗೊಳಿಸಿ. ಫೋಟೊ ತೆಗೆಯುವಾಗ ಅಜ್ಜನಿಗೆ ಹಲ್ಲಿನ ಸೆಟ್ ಇತ್ತೇ ಎಂದು ಮನೆಯವರನ್ನು ಕೇಳಿಕೊಳ್ಳಿ. ಇದ್ದರೆ ಈ ಎತ್ತರವನ್ನು ಸೆಟ್ಟೇ ಕಾಯ್ದಿರುತ್ತದೆ. ಅಳತೆ ಸಮವಿದ್ದರೆ ಗದ್ದವನ್ನು ಇಳಿಸಲು ಹೋಗಬೇಡಿ.

ಕಣ್ಣು ಮತ್ತು ಕೆನ್ನೆ

ಕಣ್ಣನ್ನು ದೊಡ್ಡದು ಮಾಡುವ ಆಸೆಗೆ ಬೀಳಬೇಡಿ. ಐರಿಸ್ 60 ಪಿಕ್ಸೆಲ್ ಇದ್ದದ್ದು 60ರಲ್ಲೇ ಇರಬೇಕು, ಎರಡು ಕಣ್ಣುಗಳ ನಡುವಿನ ಅಂತರವೂ ಹಾಗೇ. ಮೇಲೆ ಇಳಿಬಿದ್ದ ರೆಪ್ಪೆಯ ಚರ್ಮವನ್ನು 1–2 ಮಿ.ಮೀ. ಎತ್ತಿ ರೆಪ್ಪೆಯ ಮಡಿಕೆ ಕಾಣುವಂತೆ ಮಾಡುವುದಷ್ಟೇ ಕೆಲಸ. ಐರಿಸ್ಸಿನ ಅಂಚಿನಲ್ಲಿ ವಯಸ್ಸಾದವರಿಗೆ ಬರುವ ಬೂದುಬಣ್ಣದ ಉಂಗುರವಿದ್ದರೆ ತೆಗೆಯಿರಿ. ವಯಸ್ಸಾದಂತೆ ಕಿರಿದಾಗುವ ನಡುವಿನ ಕಪ್ಪು ಚುಕ್ಕೆಯನ್ನು ತುಸು ಹಿಗ್ಗಿಸಿ. ಹುಬ್ಬಿನಿಂದ ಚಾಚಿಕೊಂಡ ಉದ್ದ ಎಳೆಗಳನ್ನು ಕತ್ತರಿಸಿ, ಹುಬ್ಬಿನ ಆಕಾರ ಮಾತ್ರ ಬಿಡಿ.

ಕಣ್ಣ ಕೆಳಗಿನ ಚೀಲವನ್ನು ಪೂರ್ತಿ ಅಳಿಸಿದರೆ ಗೊಂಬೆಯ ಕಣ್ಣಾಗುತ್ತದೆ. ಹರೆಯದವರಿಗೂ ಅಲ್ಲೊಂದು ಸಣ್ಣ ತಗ್ಗು ಇರುತ್ತದೆ. ಆ ತಗ್ಗಿನ ನೆರಳನ್ನು ತಿಳಿಗೊಳಿಸಿ, ಕಾಲುಭಾಗ ಉಳಿಸಿ. ಕಣತಲೆಯ ಕುಳಿಯನ್ನು ತುಂಬಿ, ದವಡೆಯಂಚಿನಲ್ಲಿ ಜೋತುಬಿದ್ದ ಮಾಂಸವನ್ನು ಒಳಕ್ಕೆ ಸರಿಸಿ ಅಂಚನ್ನು ಒಂದೇ ಗೆರೆಗೆ ತನ್ನಿ.

ಮಚ್ಚೆಗಳಲ್ಲಿ ವಿವೇಚನೆ ಬೇಕು. ಚಪ್ಪಟೆಯಾದ ಕಂದು ಕಲೆಗಳೂ, ಮೇಲೆ ಅಂಟಿಸಿದಂತೆ ಕಾಣುವ ಒರಟು ಗಂಟುಗಳೂ ಹೆಚ್ಚಾಗಿ ನಡುವಯಸ್ಸಿನ ನಂತರ ಬಂದವು, ಅವು ಹೋಗಲಿ. ಹುಟ್ಟುಮಚ್ಚೆ, ಗದ್ದದ ಗುಳಿ, ಬಾಲ್ಯದ ಗಾಯದ ಗುರುತು ಇರಲಿ. ಎಡ ಬಲದ ವ್ಯತ್ಯಾಸವನ್ನೂ ಸರಿಪಡಿಸಬೇಡಿ. ಒಂದು ಹುಬ್ಬು ಮೇಲಿದ್ದರೆ ಅದೇ ಅಜ್ಜನ ಮುಖ.

ಕೂದಲು ಎಲ್ಲಿಂದ ಶುರು?

ತಲೆ ಬೋಳಾಗಿದ್ದರೂ ಹಣೆಯಲ್ಲಿ ಒಂದು ಸುಳಿವು ಉಳಿದಿರುತ್ತದೆ. ಹಣೆಯ ಅಡ್ಡ ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ಹುಡುಗತನದ ಕೂದಲಂಚಿನ ಹತ್ತಿರವೇ ಇರುತ್ತದೆ. ಹರೆಯ ದಾಟುವ ಹೊತ್ತಿಗೆ ಅಂಚು ಅಲ್ಲಿಂದ ಒಂದು ಬೆರಳಿನಷ್ಟು, ಸುಮಾರು 1–1.5 ಸೆಂ.ಮೀ. ಹಿಂದೆ ಸರಿದಿರುತ್ತದೆ. 24ರ ಯುವಕನಿಗೆ ಆ ಗೆರೆಯಿಂದ 50 ಪಿಕ್ಸೆಲ್ ಮೇಲೆ ಅಂಚು ಹಾಕಿದರೆ ನಂಬುವಂತಿರುತ್ತದೆ. ಗೆರೆಯ ಮೇಲೆಯೇ ಹಾಕಿದರೆ ವಿಗ್ಗಿನಂತೆ ಕಾಣುತ್ತದೆ. ಕೂದಲು ನೇರವೋ ಗುಂಗುರೋ ಎಂಬುದನ್ನು ಕಿವಿಯ ಮೇಲೆ ಉಳಿದಿರುವ ಕೂದಲಿನಿಂದಲೇ ತಿಳಿಯಿರಿ.

1954ರ ಸುಮಾರಿಗೆ ಬಹಳ ಕಡೆ ಗಂಡಸರ ಕ್ರಾಪ್ ಒಂದೇ ಮಾದರಿಯದು. ಹಿಂದೆ ಮತ್ತು ಪಕ್ಕದಲ್ಲಿ ಗಿಡ್ಡ, ಮೇಲೆ ಉದ್ದ, ಎಣ್ಣೆ ಅಥವಾ ಪೊಮೇಡ್ ಹಚ್ಚಿ ಹಿಂದಕ್ಕೋ ಪಕ್ಕಕ್ಕೋ ಬಾಚಿದ್ದು. ಗಿಡ್ಡದಿಂದ ಉದ್ದಕ್ಕೆ ಹೋಗುವುದು ನಿಧಾನವಾಗಿ. ಈಗಿನ ಹಾಗೆ ಪಕ್ಕದಲ್ಲಿ ಚರ್ಮ ಕಾಣುವಷ್ಟು ಬೋಳಿಸಿ ಮೇಲೆ ಒಂದೇ ಸಲಕ್ಕೆ ದಟ್ಟ ಕೂದಲು ನಿಲ್ಲಿಸಿದರೆ ಕಾಲ ಕೆಡುತ್ತದೆ. ಕಿವಿ ಮುಚ್ಚುವ ಕೂದಲು, ಕೆನ್ನೆಗಿಳಿದ ಉದ್ದ ಅಂಚು 1960ರ ದಶಕದ ಕೊನೆಯ ಮತ್ತು 70ರ ದಶಕದ ಮಾತು. ಬಿಡಿಸುವಾಗ ಒಂದೊಂದೇ ಎಳೆ ಎಳೆಯದೆ ಬಾಚಣಿಗೆ ಹಲ್ಲಿನ ಅಗಲದ ಜೊಂಪೆಗಳಾಗಿ ಎಳೆಯಿರಿ, ಎಣ್ಣೆ ಕೂದಲು ಹಾಗೆಯೇ ಕೂರುತ್ತದೆ. ಪೂರ್ತಿ ಕಪ್ಪು ಬಳಿಯದೆ ಬಾಚಿದ ದಿಕ್ಕಿನಲ್ಲಿ ಬೆಳಕಿನ ಪಟ್ಟಿ ಬಿಡಿ.

ಬೈತಲೆ ಯಾವ ಕಡೆ ಎಂದು ನಿರ್ಧರಿಸುವ ಮುನ್ನ ಮೂಲ ಫೋಟೊ ತಿರುವುಮುರುವಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಗಂಡಸರ ಅಂಗಿಯ ಎದೆ ಜೇಬು ಸಾಮಾನ್ಯವಾಗಿ ಅವರ ಎಡಕ್ಕೆ, ಅಂದರೆ ಚಿತ್ರದಲ್ಲಿ ನಮ್ಮ ಬಲಕ್ಕೆ ಬರಬೇಕು. ಗುಂಡಿಯ ಕಡೆ ಅವರ ಎಡಪಟ್ಟಿ ಮೇಲಿರಬೇಕು.

ಉಡುಪು

ಅಜ್ಜ ಯಾವ ಊರು, ಯಾವ ಕಸುಬು ಎಂಬುದರ ಮೇಲೆ ಉಡುಪು ನಿಲ್ಲುತ್ತದೆ. ಮನೆಯ ಹಿರಿಯರ ಮಾತು, ಅದೇ ಕಾಲದ ಬಂಧುಗಳ ಫೋಟೊ ಇದ್ದರೆ ಅದನ್ನೇ ಅನುಸರಿಸಿ. ಕೋಟು ಅಂಗಿ ಹಾಕುವುದಾದರೆ ಕಾಲವನ್ನು ಹೇಳುವುದು ಅದರ ಎದೆಯ ಮಡಿಕೆ, ಅಂದರೆ ಲ್ಯಾಪೆಲ್, ಮತ್ತು ಟೈ. 1940ರ ದಶಕದಿಂದ 50ರ ಮೊದಲ ವರ್ಷಗಳವರೆಗೆ ಭುಜ ಅಗಲ, ಲ್ಯಾಪೆಲ್ ಅಗಲ, ಟೈ 9–10 ಸೆಂ.ಮೀ. 60ರ ಹೊತ್ತಿಗೆ ಎಲ್ಲವೂ ಕಿರಿದಾಗಿ ಟೈ 5 ಸೆಂ.ಮೀ. ಹತ್ತಿರ ಬಂತು. 70ರ ದಶಕದಲ್ಲಿ ಮತ್ತೆ ಅಗಲ, ಕಾಲರ್ ಚೂಪಾಗಿ ಉದ್ದ. 1954ಕ್ಕೆ ನಡುವಿನ 7–8 ಸೆಂ.ಮೀ. ಟೈ ಸುರಕ್ಷಿತ.

ಬಟ್ಟೆ ಇಸ್ತ್ರಿ ಹಾಕಿದ ಹೊಸ ಶೋರೂಮಿನದ್ದಾಗಬಾರದು. ಅಂದಿನದು ಹೆಚ್ಚಾಗಿ ಹತ್ತಿ ಮತ್ತು ಉಣ್ಣೆ. ಮೊಣಕೈ, ಕಂಕುಳು, ಕಾಲರಿನ ಬುಡದಲ್ಲಿ ಸುಕ್ಕು ಇರಲಿ. ಕತ್ತಿನವರೆಗೆ ಗುಂಡಿ ಹಾಕಿದ ಕಾಲರ್ ಇನ್ನೊಂದು ಉಪಕಾರ ಮಾಡುತ್ತದೆ. ವಯಸ್ಸಾದ ಕತ್ತಿನ ನರ, ಜೋಲು ಚರ್ಮವನ್ನು ತಿದ್ದುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕಾಲರ್ ಅದರ ಮುಕ್ಕಾಲು ಪಾಲನ್ನು ಮುಚ್ಚುತ್ತದೆ.

ಕೊನೆಗೆ ಬಣ್ಣ ಮತ್ತು ಸುಕ್ಕು

ಈಗ ಚಿತ್ರವನ್ನು ಕಪ್ಪುಬಿಳುಪು ಮಾಡಿ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ತೆರೆದು ನೋಡಿ. ನೀಲಿಯಲ್ಲಿ ಕಲೆ, ಸುಕ್ಕು ಎಲ್ಲ ಎದ್ದು ಕಾಣುತ್ತವೆ, ಕೆಂಪಿನಲ್ಲಿ ಬಹುಪಾಲು ಮಾಯ. ಕೆಂಪು 70, ಹಸಿರು 30 ಭಾಗ ಬೆರೆಸಿದರೆ ಚರ್ಮ ತಾನಾಗಿ ತಿಳಿಯಾಗುತ್ತದೆ. ಪೂರಾ ಕೆಂಪೇ ತೆಗೆದುಕೊಂಡರೆ ತುಟಿ ಬಿಳುಚಿಹೋಗುತ್ತದೆ. ಉಳಿದ ಆಳದ ಗೆರೆಗಳನ್ನಷ್ಟೇ ಕೈಯಿಂದ ತಿದ್ದಿ, ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುವ ಗೆರೆಯಲ್ಲಿ ಸ್ವಲ್ಪ ಬಿಡಿ.

ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದ್ದರೆ ಕೂದಲು, ಕೋಟಿನ ಮೇಲೂ ಎಡದಿಂದಲೇ ಬೀಳಬೇಕು. ಕತ್ತು ಮತ್ತು ಕಾಲರ್ ಸೇರುವಲ್ಲಿ ಗದ್ದದ ನೆರಳು ಬೀಳದಿದ್ದರೆ ತಲೆ ಅಂಟಿಸಿದ್ದು ಎಂದು ಗೊತ್ತಾಗುತ್ತದೆ. ಎಲ್ಲ ಮುಗಿದ ಮೇಲೆ ಮುಖ, ಕೂದಲು, ಬಟ್ಟೆ ಮೂರಕ್ಕೂ ಒಟ್ಟಿಗೆ ಒಂದೇ ಪದರದಲ್ಲಿ ಹಳೆಯ ಫಿಲ್ಮಿನಲ್ಲಿ ಕಾಣುವಂಥ ಸಣ್ಣ ಕಣಗಳನ್ನು, ಅಂದರೆ ಗ್ರೇನ್, ಹಾಕಿ. ಕಂದು ಬಣ್ಣ, ಕೃತಕ ಬಿರುಕು ಬೇಡ, ಅವು ನಾಟಕೀಯವಾಗಿ ಕಾಣುತ್ತವೆ.

ಒಂದು ವಿಷಯ ಮುಖದಿಂದ ತಿಳಿಯುವುದಿಲ್ಲ: ಹರೆಯದಲ್ಲಿ ಅಜ್ಜ ತೆಳ್ಳಗಿದ್ದರೇ, ದಪ್ಪಗಿದ್ದರೇ? ಇದಕ್ಕಾಗಿ ಕೆನ್ನೆ ಮತ್ತು ಕತ್ತಿನ ಅಗಲ ಮಾತ್ರ ಬೇರೆಯಿರುವ ಎರಡು ಪ್ರತಿ ಮಾಡಿ, ಅಜ್ಜನನ್ನು ಆಗ ಕಂಡಿದ್ದ ಹಿರಿಯರಿಗೆ ತೋರಿಸಿ. ‘ಹೋಲುತ್ತದೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಮೀಸೆ ಇತ್ತೇ, ಬೈತಲೆ ಯಾವ ಕಡೆ, ಈ ಎರಡರಲ್ಲಿ ಯಾವುದು ಹತ್ತಿರ ಎಂದು ಕೇಳಿ. ಆಯ್ದ ಪ್ರತಿಯ ಕೆಳಗೆ ‘2002ರ ಫೋಟೊದಿಂದ ಕಲ್ಪಿಸಿದ ಚಿತ್ರ’ ಎಂದು ಬರೆಯಿರಿ, ಫೈಲಿನ ಹೆಸರಿನಲ್ಲೂ ಸೇರಿಸಿ. ಇಲ್ಲದಿದ್ದರೆ ಮುಂದಿನ ತಲೆಮಾರಿನವರು ಇದನ್ನೇ 1954ರ ಅಸಲಿ ಫೋಟೊ ಎಂದು ಆಲ್ಬಮ್ಮಿಗೆ ಸೇರಿಸಿಬಿಡುತ್ತಾರೆ.